ಮಡಿಯ ರಿಮೋಟ್

ಸಂಜೆ ಐದೂಮುಕ್ಕಾಲು ಆಯಿತೆಂದರೆ ಮುಕ್ತಾಳ ಎದೆ ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಅದು ಬರೀ ಎದೆಯ ರೋಗವಲ್ಲ. ರೋಗವಂತೂ ಇತ್ತು. ಎಂಟನೆಯ ವಯಸ್ಸಿನಲ್ಲಿ ಬಂದ ಕೀಲುಜ್ವರ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ನಲವತ್ತಾರು ವರ್ಷ ಹೇಗೋ ನಡೆದದ್ದು ಈಗ ನಡೆಯುವುದಿಲ್ಲ ಎಂದು ಸೊಲ್ಲಾಪುರದ ಡಾಕ್ಟರರು ಹೇಳಿದ್ದರು. ಆದರೆ ಸಂಜೆಯ ಹೆದರಿಕೆ ಬೇರೆ. ಅದು ಮಾವಶಿಯ ಕುರಿತದ್ದು.

ಮಾವಶಿ ಎಂದರೆ ತಾಯಿಯ ಅಕ್ಕ ಭಾಗೀರಥೀಬಾಯಿ. ಮುಕ್ತಾಳ ತಾಯಿ ತೀರಿಕೊಂಡಾಗ, ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡು ಸಾಲೋಟಗಿಯ ತವರಿನಲ್ಲಿದ್ದ ಆಕೆ, ಒಂದು ಟ್ರಂಕು ಹಿಡಿದು ಇಂಡಿಗೆ ಬಂದು ಈ ಹುಡುಗಿಯನ್ನು ಸಾಕಿದಳು. ಮುಕ್ತಾ ಓದಿ ಹೈಸ್ಕೂಲಿನಲ್ಲಿ ಹಿಂದಿ ಟೀಚರ್ ಆದಳು. ಲಗ್ನದ ಮಾತು ನಾಲ್ಕು ಸಲ ಬಂದು, ಎದೆಯ ಸುದ್ದಿ ಕೇಳಿ ನಾಲ್ಕು ಸಲವೂ ಹೋಯಿತು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಮೂವತ್ತು ವರ್ಷ ಮುಕ್ತಾ ಅದೇ ಶಾಲೆಯಲ್ಲಿ ಪಾಠ ಹೇಳಿದಳು. ಬೋರ್ಡಿನ ಮೇಲೆ ಅವಳ ಅಕ್ಷರ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. ತಪ್ಪು ಬರೆದ ಮಕ್ಕಳಿಗೆ ಹೊಡೆಯುತ್ತಿರಲಿಲ್ಲ. ‘ಮತ್ತೊಮ್ಮೆ ಬರೀ, ನಾ ಕೂತಿರ್ತೀನಿ’ ಎಂದು ನಿಜವಾಗಿಯೂ ಕೂತೇ ಇರುತ್ತಿದ್ದಳು.

ಎಂಬತ್ತೈದರ ಮಾವಶಿಗೆ ಎರಡು ವರ್ಷದಿಂದ ಹೊತ್ತು ಮುಳುಗುವಾಗ ಬುದ್ಧಿ ಕಲಕುತ್ತಿತ್ತು. ಹಗಲೆಲ್ಲ ನೆಟ್ಟಗಿರುತ್ತಿದ್ದವಳು ಆಗ ಒಮ್ಮೆಲೆ ಎದ್ದು, ‘ಅಪ್ಪ ದಾರಿ ನೋಡ್ಲಿಕ್ಕತ್ತಾರ’ ಎಂದು ಸಾಲೋಟಗಿಗೆ ಹೊರಡುತ್ತಿದ್ದಳು. ಅಪ್ಪ ಹೋಗಿ ಐವತ್ತು ವರ್ಷವಾಗಿತ್ತು. ಹೋದ ವರ್ಷ ಸಿಂದಗಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ನಡೆಯುತ್ತಿದ್ದಳು. ಬಸ್ ಡ್ರೈವರ್ ಯಲ್ಲಾಲಿಂಗ ಬ್ರೇಕು ಹಾಕಿದ್ದಕ್ಕೆ ಉಳಿದಳು. ಒಂದು ದಿನ ಹೊರಗಿನಿಂದ ಕೀಲಿ ಹಾಕಿ ನೋಡಿದ್ದಾಯಿತು. ಬಂದು ತೆರೆದರೆ ಬಾಗಿಲ ತುಂಬ ಗೀರು, ಮಾವಶಿಯ ಎರಡು ಉಗುರು ಕಿತ್ತು ರಕ್ತ. ಮುಕ್ತಾ ಆ ಮೇಲೆ ಕೀಲಿ ಮುಟ್ಟಲಿಲ್ಲ.

ಆಕೆಯನ್ನು ಕೂಡಿಸುತ್ತಿದ್ದುದು ಒಂದೇ: ಕೀರ್ತನೆ. ಟಿವಿಗೆ ಜೋಡಿಸಿದ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಆ್ಯಪ್ ಇತ್ತು, ಅದರಲ್ಲಿ ಕೀರ್ತನೆಗಳ ಒಂದು ಮಾಲಿಕೆ, ಮುಕ್ಕಾಲು ಗಂಟೆಯ ಒಂದೊಂದು ಕಂತು. ದೀಪ ಹಚ್ಚಿದ ಕೂಡಲೆ ತಾಳದ ಸಪ್ಪಳ ಕಿವಿಗೆ ಬಿದ್ದರೆ ಮಾವಶಿ ಗೋಡೆಗೆ ಆತು ಕೂತುಬಿಡುತ್ತಿದ್ದಳು. ಅದು ಮುಗಿಯುವ ಹೊತ್ತಿಗೆ ಕತ್ತಲಾಗಿ, ಕಲಕಿದ್ದು ತಿಳಿಯಾಗಿರುತ್ತಿತ್ತು. ಮುಕ್ತಾ ಶಾಲೆಯಿಂದ ಬಂದು ದಿನಾ ತಾನೇ ಹಚ್ಚಿಕೊಡುತ್ತಿದ್ದಳು.

ಈಗ ಆಪರೇಶನ್. ಸೋಮವಾರ ಸೇರುವುದು, ಮಂಗಳವಾರ ಮುಂಜಾನೆ ಕೊಯ್ಯುವುದು. ಜತೆಗೆ ಬರುವವಳು ಅದೇ ಶಾಲೆಯ ಗೆಳತಿ ಸುರೇಖಾ. ಮನೆಯಲ್ಲಿ ಇರಲು ಶೇವಂತೆವ್ವ ಒಪ್ಪಿದ್ದಳು. ಆದರೆ ಅವಳು ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆ ಮಾಡುವವಳು.

“ಏಳೂಕಾಲಕ್ಕ ಬರ್ತೇನ್ರಿ ಟೀಚರ. ಅಲ್ಲೀತನ ನೂರಾ ಹತ್ತು ಹುಡುಗ್ಯಾರ ಚಪಾತಿ ನನ್ನ ಕೊಳ್ಳಾಗ ಇರ್ತಾವು. ಅದೊಂದು ತಾಸು ನೀವ ಏನರ ಮಾಡ್ರಿ.”

ಅದೊಂದು ತಾಸು. ಮುಕ್ತಾಳಿಗೆ ಆಪರೇಶನ್ನಿಗಿಂತ ಆ ತಾಸೇ ಕಣ್ಣ ಮುಂದೆ ನಿಂತಿತು. ಮಾವಶಿ ಕೀರ್ತನೆಯನ್ನು ತಾನೇ ಹಚ್ಚಿಕೊಳ್ಳಬೇಕು. ಹಚ್ಚಿಕೊಂಡರೆ ಮನೆಯಲ್ಲಿರುತ್ತಾಳೆ. ಇಲ್ಲದಿದ್ದರೆ ರಸ್ತೆಯಲ್ಲಿ.

ಒಂದು ವಾರ ಮೊದಲೇ ಅವಳು ಕೆಲಸಕ್ಕೆ ಕೂತಳು. ಮೊದಲ ತೊಡಕು ಆ್ಯಪಿನದೇ. ತೆರೆದ ಕೂಡಲೆ ಮೇಲಿನ ಸಾಲಿನಲ್ಲಿ ಕಡೆಯದಾಗಿ ನೋಡುತ್ತಿದ್ದುದು ಬರುತ್ತಿತ್ತು, ಕರ್ಸರ್ ತಾನಾಗಿ ಅದರ ಮೇಲೆ ನಿಲ್ಲುತ್ತಿತ್ತು. ಆದರೆ ಮುಕ್ತಾ ರಾತ್ರಿ ಒಂದು ಹಿಂದಿ ಧಾರಾವಾಹಿ ನೋಡಿದಳೋ, ಮರುದಿನ ಕೀರ್ತನೆ ಎರಡನೆಯ ಜಾಗಕ್ಕೆ ಸರಿದಿರುತ್ತಿತ್ತು. ಅದಕ್ಕೆ ಮಾವಶಿಗೇ ಬೇರೆ ಪ್ರೊಫೈಲ್ ಮಾಡಿದಳು. ದೀಪದ ಚಿತ್ರ ಆರಿಸಿ, ‘ಮಾವಶಿ’ ಎಂದು ಬರೆದಳು. ಆಗ ಇನ್ನೊಂದು ತೊಡಕು: ಎರಡು ಪ್ರೊಫೈಲ್ ಆದದ್ದರಿಂದ ಆ್ಯಪ್ ಪ್ರತಿ ಸಲ ‘ಯಾರು ನೋಡುತ್ತಿದ್ದೀರಿ?’ ಎಂದು ಕೇಳತೊಡಗಿತು. ಮಾವಶಿ ಪರದೆ ನೋಡಿ ನಕ್ಕಳು.

“ಮುಕ್ತೀ, ಇದರಾಗ ನೀನೂ ಇದ್ದೀಯಲ್ಲ!” ಎಂದು ಮುಕ್ತಾಳ ಹೆಸರಿನ ಮೇಲೇ ಒತ್ತಿದಳು.

ಎರಡನೆಯ ಸಲವೂ ಅದನ್ನೇ ಒತ್ತಿದಳು. ಮೂರನೆಯ ಸಲವೂ.

ಉಳಿದ ದಾರಿ ಒಂದೇ. ಒಂದೇ ಪ್ರೊಫೈಲ್ ಇದ್ದರೆ ಆ್ಯಪ್ ಏನೂ ಕೇಳದೆ ನೇರ ಒಳಗೆ ಬಿಡುತ್ತದೆ. ಮುಕ್ತಾ ತನ್ನ ಹೆಸರಿನ ಪ್ರೊಫೈಲಿಗೆ ಹೋಗಿ ‘ಅಳಿಸು’ ಎಂಬುದರ ಮೇಲೆ ಕರ್ಸರ್ ಇಟ್ಟಳು. ‘ಮುಕ್ತಾ ಅವರನ್ನು ಶಾಶ್ವತವಾಗಿ ತೆಗೆಯಬೇಕೆ?’ ಎಂದು ಪರದೆ ಕೇಳಿತು. ಅವಳು ಅದನ್ನು ಎರಡು ಸಲ ಓದಿದಳು. ಶಾಲೆಯಲ್ಲಿ ಈ ಮಾತು ಹೇಳಿದಾಗ ಸುರೇಖಾ ಬೈದಳು.

“ಹುಚ್ಚಿ, ಅದೇನ ರೇಶನ್ ಕಾರ್ಡ ಏನ? ಹೆಸರ ತಗದ್ರ ಏನಾಗೂದಿಲ್ಲ. ಹತ್ತ ದಿನ ಆದ ಮ್ಯಾಲೆ ಬಂದು ಹಾಕ್ಕೊ.”

“ಹಾಕ್ಕೋತೀನಿ” ಎಂದಳು ಮುಕ್ತಾ. ಆ ಹೊತ್ತಿಗೆ ಅಳಿಸಿಯಾಗಿತ್ತು.

ಮುಂದಿನದೆಲ್ಲ ಸುಲಭವಾಯಿತು. ಪೆಟ್ಟಿಗೆಯ ಸೆಟ್ಟಿಂಗ್ಸಿನಲ್ಲಿ ಮುಖಪುಟದ ಶಿಫಾರಸುಗಳನ್ನು ಬಂದ್ ಮಾಡಿ ಬರೀ ಆ್ಯಪುಗಳ ಸಾಲು ಉಳಿಸಿದಳು, ಬೇಡದ್ದನ್ನು ತೆಗೆದಳು. ರಿಮೋಟಿನಲ್ಲಿ ನಕ್ಷತ್ರದ ಗುರುತಿನ ಗುಂಡಿ ಇತ್ತು, ನಾವು ಹೇಳಿದ ಆ್ಯಪನ್ನು ತೆರೆಯುವಂಥದು. ಅದಕ್ಕೆ ಕೀರ್ತನೆಯ ಆ್ಯಪನ್ನು ಕಟ್ಟಿದಳು. ಒಂದು ಕಂತು ಮುಗಿದ ಮೇಲೆ ಇನ್ನೊಂದು ತಾನಾಗಿ ಓಡದಂತೆ ಮಾಡಿದಳು. ಈಗ ಮೂರೇ ಒತ್ತು. ಕೆಂಪು ಗುಂಡಿ ಒತ್ತಿದರೆ ಪೆಟ್ಟಿಗೆ ಎಚ್ಚತ್ತು ಟಿವಿಯನ್ನೂ ಎಬ್ಬಿಸುತ್ತದೆ. ನಕ್ಷತ್ರ ಒತ್ತಿದರೆ ಆ್ಯಪ್. ನಡುವಿನ ದುಂಡು ಗುಂಡಿಗೆ ಕೀರ್ತನೆ. ಮಾವಶಿ ಗೋಡೆಯ ಸ್ವಿಚ್ಚು ಆರಿಸುವವಳು, ‘ಕರೆಂಟ್ ಸುಮ್ನ ಸುಡಬಾರದು’ ಎಂದು. ಆ ಸ್ವಿಚ್ಚಿಗೆ ಟೇಪು ಬಡಿದಳು.

ಆದರೆ ಮೂರರ ಕ್ರಮ ಮಾವಶಿಗೆ ನಿಲ್ಲಲಿಲ್ಲ. ಮೊದಲು ನಕ್ಷತ್ರ, ಆಮೇಲೆ ಕೆಂಪು. ಒಮ್ಮೆ ಹಚ್ಚಿ ತಕ್ಷಣ ಆರಿಸಿದಳು. ಮುಕ್ತಾ ಬೋರ್ಡಿನ ಮುಂದೆ ನಿಂತವಳಂತೆ ಹೇಳಿದಳು, “ಮತ್ತೊಮ್ಮೆ ಒತ್ತು ಮಾವಶಿ, ನಾ ಕೂತಿರ್ತೀನಿ.” ಕೂತಿರುವುದಿಲ್ಲ ಅನ್ನುವುದೇ ಅಲ್ಲವೆ ಇಡೀ ತೊಂದರೆ.

ಬೇಸತ್ತ ಮಾವಶಿ ರಿಮೋಟು ಕೆಳಗಿಟ್ಟು, ಬೆರಳು ಮಡಿಚುತ್ತ ಗುಣುಗುಟ್ಟಿದಳು: “ಕೇಶವ, ನಾರಾಯಣ, ಮಾಧವ...” ಬೇಜಾರಾದರೆ ಹಾಗೆ ಅನ್ನುವುದು ಆಕೆಯ ರೂಢಿ. ಸಣ್ಣವಳಿದ್ದಾಗ ಅಪ್ಪ ಸಂಧ್ಯಾವಂದನೆಗೆ ಕೂತರೆ ತಂಬಿಗೆಯ ನೀರು ಇಡುವ ಕೆಲಸ ಅವಳದು. ಅಪ್ಪ ಒಂದೊಂದು ಹೆಸರಿಗೆ ಒಂದೊಂದು ಗುಟುಕು ನೀರು ಕುಡಿಯುತ್ತಿದ್ದರು. ಇವತ್ತಿನ ತಿಂಡಿ ಮರೆತರೂ ಆ ಮೂರು ಹೆಸರು ಹಿಂದುಮುಂದಾಗುತ್ತಿರಲಿಲ್ಲ.

ಮುಕ್ತಾ ರಿಮೋಟು ಎತ್ತಿಕೊಂಡಳು. “ಮಾವಶಿ, ಈ ಕೆಂಪಂದು ಕೇಶವ. ಈ ಚಿಕ್ಕಿ ನಾರಾಯಣ. ಇದು ದುಂಡಂದು ಮಾಧವ.”

ಮಾವಶಿ ಮೂರೂ ಸರಿಯಾಗಿ ಒತ್ತಿದಳು. ಅವಸರ ಮಾತ್ರ ಹೆಚ್ಚಾಯಿತು. ಟಿವಿ ಕಣ್ಣು ಬಿಡುವ ಮೊದಲೇ ಎರಡನೆಯದು ಒತ್ತಿದ್ದಳು. ನಡುವೆ ಜಪಮಾಲೆಯ ಇಪ್ಪತ್ತು ಮಣಿ ಎಣಿಸಬೇಕು ಎಂದು ಗೊತ್ತುಮಾಡಿದ್ದಾಯಿತು. ಮಣಿ ಎಣಿಸುವುದನ್ನು ಆಕೆಗೆ ಯಾರೂ ಕಲಿಸಬೇಕಿರಲಿಲ್ಲ. ಮಂಗಳವಾರ, ಬುಧವಾರ ಮುಂಜಾನೆ ಏಳು ಸಲ ಮಾಡಿದಳು. ಏಳೂ ಸಲ ತಾಳ ಕೇಳಿಸಿತು.

“ನೀ ಸಾಲ್ಯಾಗ ಇಷ್ಟು ಬಡಬಡಸ್ತೀ ಏನು ಮುಕ್ತೀ? ಪಾಪ ಹುಡುಗರು” ಎಂದಳು ಮಾವಶಿ.

ಗುರುವಾರ ಸಂಜೆ ಮುಕ್ತಾ ಪರೀಕ್ಷೆ ಇಟ್ಟಳು. ಶಾಲೆಯಿಂದ ಬೇಗ ಬಂದು, ಒಳಗೆ ಹೋಗದೆ, ಹಿತ್ತಲ ಕಿಟಕಿಯ ಬದಿಗೆ ನಿಂತಳು. ಮಾವಶಿ ಸ್ನಾನ ಮಾಡಿ ಮಡಿಯ ಸೀರೆ ಉಟ್ಟಳು, ದೀಪ ಹಚ್ಚಿದಳು, ನಡುಮನೆಗೆ ಬಂದಳು. ರಿಮೋಟು ಮಣೆಯ ಮೇಲಿತ್ತು. ಮಾವಶಿ ಕೈ ಚಾಚಿದಳು, ಚಾಚಿದ ಕೈ ಹಿಂದಕ್ಕೆ ತೆಗೆದಳು. ಮತ್ತೆ ನೋಡಿದಳು.

ಮುಕ್ತಾಳಿಗೆ ಆಗ ಹೊಳೆಯಿತು. ಏಳು ಸಲ ಕಲಿಸಿದ್ದು ಮುಂಜಾನೆ, ಮಡಿ ಮುಗಿದ ಮೇಲೆ. ಸಂಜೆ ಮಡಿಯಲ್ಲಿ ಮಾವಶಿ ಎಲ್ಲರ ಕೈ ತಾಗಿದ ಪ್ಲಾಸ್ಟಿಕ್ಕಿನ ಸಾಮಾನು ಮುಟ್ಟುವವಳಲ್ಲ. ಇಷ್ಟು ವರ್ಷ ಈ ಮನೆಯಲ್ಲಿದ್ದು ಇದೊಂದು ನೆನಪಾಗಿರಲಿಲ್ಲ.

ಮಾವಶಿ ಒಳಗೆ ಹೋದಳು. ತಾಮ್ರದ ತಂಬಿಗೆಯ ತುಂಬ ನೀರು ತಂದಳು. ದಾರಿಯಲ್ಲಿ ಬಿದ್ದ ಹಣ್ಣನ್ನು ತೊಳೆಯುವಷ್ಟು ಸಹಜವಾಗಿ ರಿಮೋಟಿನ ಮೇಲೆ ಸುರಿದಳು. ಮೇಲಿಂದ, ಕೆಳಗಿಂದ, ಬ್ಯಾಟರಿಯ ಸಂದಿಗೂ. ಆಮೇಲೆ ಕೇಶವ ಎಂದು ಒತ್ತಿದಳು. ಏನೂ ಆಗಲಿಲ್ಲ. ಇಪ್ಪತ್ತು ಮಣಿ ಎಣಿಸಿದಳು. ನಾರಾಯಣ. ಇಪ್ಪತ್ತು ಮಣಿ. ಮಾಧವ. ಟಿವಿ ಕಪ್ಪಗೇ ಇತ್ತು. ಮಾವಶಿ ತಲೆ ಎತ್ತಿ ಕಿಟಕಿಯ ಕೆಂಪು ಬೆಳಕು ನೋಡಿದಳು. ಮುಖ ಬದಲಾಯಿತು. “ಅಪ್ಪ ದಾರಿ ನೋಡ್ಲಿಕ್ಕತ್ತಾರ” ಎಂದು ಬಾಗಿಲ ಕಡೆ ಹೊರಟಳು.

ಮುಕ್ತಾ ಓಡಿದಳು. ಡಾಕ್ಟರರು ಓಡಬಾರದು ಎಂದಿದ್ದರು. ಹೊಸ್ತಿಲಲ್ಲಿ ಮಾವಶಿಯ ರಟ್ಟೆ ಹಿಡಿದಾಗ ಅವಳ ಬಾಯಲ್ಲಿ ಮಾತು ಬರಲಿಲ್ಲ, ತುಟಿ ನೀಲಿಯಾಗಿತ್ತು. ಇಬ್ಬರೂ ಅಲ್ಲೇ ಕುಸಿದು ಕೂತರು.

“ಮಡ್ಯಾಗ ಮುಟ್ಟಿದೆಲ್ಲ!” ಎಂದಳು ಮಾವಶಿ.

ರಾತ್ರಿಯೇ ಬ್ಯಾಟರಿ ತೆಗೆದಿಟ್ಟು, ಶುಕ್ರವಾರ ಮುಂಜಾನೆ ಹಾಕಿ ನೋಡಿದರೂ ರಿಮೋಟು ಸತ್ತೇ ಇತ್ತು. ಹೊಸದು ತರಿಸಿದರೆ ಬರುವುದು ಬುಧವಾರ. ಮುಕ್ತಾ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಟಿವಿ ರಿಪೇರಿಯ ಗೈಬುಸಾಬನ ಅಂಗಡಿಗೆ ಹೋದಳು. ಅವನಿಗೆ ಅರವತ್ತು ದಾಟಿತ್ತು. ಕನ್ನಡಕ ಹಣೆಯ ಮೇಲೆ ಏರಿಸಿ, ಬ್ಯಾಟರಿ ತೆಗೆದು, ತೆಳ್ಳನೆಯ ಕಡ್ಡಿಯಿಂದ ರಿಮೋಟನ್ನು ಎರಡು ಹೋಳು ಮಾಡಿದ.

“ಏನ್ ಬಿದ್ದಿತ್ತರಿ ಟೀಚರ, ಬಾಂವ್ಯಾಗೇನ?”

“ಮಡಿ ಮಾಡ್ಯಾರ” ಎಂದಳು ಮುಕ್ತಾ. ಹೇಳುವಾಗ ನಗು ಬರಬಹುದೆಂದುಕೊಂಡಿದ್ದಳು, ಅಳು ಬಂತು. ಎಲ್ಲ ಹೇಳಿದಳು, ಆಪರೇಶನ್ನು, ತಾಸು, ಸಿಂದಗಿ ರಸ್ತೆ.

ಗೈಬುಸಾಬ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒಳಗಿನ ಹಸಿರು ಬಿಲ್ಲೆ ಒರೆಸುತ್ತಲೇ ಇದ್ದ. “ಇದು ಬದಕ್ತದ, ಚಿಂತಿ ಬ್ಯಾಡ. ರಾತ್ರಿ ಬ್ಯಾಟರಿ ತಗದಿಟ್ಟದ್ದು ಚಲೋ ಆತು. ಆದ್ರ ಟೀಚರ, ನಾಳೆ ಮತ್ತ ತೊಳದ್ರ?”

“ಅದೇ ಹೆದರಿಕಿ.”

“ನಮ್ಮ ಅಪ್ಪ ನಿಮ್ಮ ಓಣ್ಯಾಗ ಪೆಟಗಿ ರಿಪೇರಿ ಮಾಡಾಕ ಬರ್ತಿದ್ದ. ಭಜನಿ ಪೆಟಗೀರಿ, ಹಾರ್ಮೋನಿಯಂ. ಆಚಾರ್ರು ಮಡ್ಯಾಗ ಅದನ್ನ ಮುಟ್ಟಾಕ ಮ್ಯಾಲೊಂದು ಪಟ್ಟಿ ವಸ್ತ್ರ ಹಾಸ್ತಿದ್ರು. ಪಟ್ಟಿಗೆ ಮೈಲಿಗಿ ಇಲ್ಲಂತ, ಹೌದಲ್ರಿ?”

ಪಟ್ಟಿ ಅಂದರೆ ರೇಷ್ಮೆ. ಮುಕ್ತಾ ಅವನ ಮುಖವನ್ನೇ ನೋಡಿದಳು. ಬ್ರಾಹ್ಮಣರ ಮನೆಯವಳಾದ ತನಗೆ ಹೊಳೆಯದ್ದು ಅವನಿಗೆ ಹೊಳೆದಿತ್ತು.

“ಚೀಲ ಹೊಲಿರಿ. ಮೂರ ತೂತ ಬಿಡ್ರಿ. ಬ್ಯಾರೆ ಗುಂಡಿ ಒತ್ತೂ ತ್ರಾಸೂ ಇಲ್ಲ. ಈ ರಿಮೋಟಿಗೆ ಟಿವಿ ಕಡೆ ಮಾರಿ ಮಾಡಬೇಕಂತೇನಿಲ್ಲ, ಬ್ಲೂಟೂತ ಐತಿ, ಬಟ್ಟಿ ಅಡ್ಡ ಬರೂದಿಲ್ಲ.”

ಆ ರಾತ್ರಿ ಊಟದ ಮೊದಲು ಮುಕ್ತಾ ಟ್ರಂಕಿನಿಂದ ಮಾವಶಿಯ ಅಪ್ಪ ಪೂಜೆಗೆ ಉಡುತ್ತಿದ್ದ ಹಳೆಯ ರೇಷ್ಮೆಯ ಮಗುಟ ತೆಗೆದು, ಒಂದು ಅಂಗೈಯಗಲ ಕತ್ತರಿಸಿ ಚೀಲ ಹೊಲಿದಳು. ಹೊರಗಿನ ಪದರಕ್ಕೆ ಮೂರು ತೂತು ಬಿಟ್ಟು ಸುತ್ತ ನೂಲು ಕಟ್ಟಿದಳು. ಆ ತೂತುಗಳಲ್ಲೂ ಗುಂಡಿ ಬರಿದಾಗಿ ಕಾಣದಂತೆ ಒಳಗೆ ಒಂದು ತೆಳ್ಳನೆಯ ಪದರ ಉಳಿಸಿದ್ದಳು. ಬೆರಳಿಗೆ ಪ್ಲಾಸ್ಟಿಕ್ಕು ತಾಗಲೇಬಾರದು. ಮಾವಶಿ ಚೀಲವನ್ನು ಮೂಸಿ ನೋಡಿದಳು.

“ಅಪ್ಪಂದು.”

“ಹೂಂ.”

“ಹಂಗಾದ್ರ ನಡೀತದ.”

ಶನಿವಾರ, ಭಾನುವಾರ ಮುಕ್ತಾ ಕಿಟಕಿಯ ಹೊರಗೇ ನಿಂತಳು. ಎರಡೂ ದಿನ ಮಡಿಯಲ್ಲೇ ಮಾವಶಿ ಮೂರು ಹೆಸರು ಹೇಳಿದಳು, ಎರಡೂ ದಿನ ತಾಳ ಕೇಳಿಸಿತು. ಆದರೂ ಮುಕ್ತಾಳ ಹೆದರಿಕೆ ಹೋಗಲಿಲ್ಲ. ಎರಡೇ ದಿನ ಅಲ್ಲವೆ? ಹೊರಡುವ ಮುನ್ನ ಹೊಸ ಬ್ಯಾಟರಿ ಹಾಕಿದಳು. ಮಾವಶಿ ಬಾಗಿಲಲ್ಲಿ ನಿಂತು, “ಎಂದ ಬರ್ತೀ?” ಎಂದು ಕೇಳಿದಳು.

“ಹತ್ತು ದಿವಸ.”

“ಹತ್ತು ಕಂತು” ಎಂದು ಮಾವಶಿ ತಿದ್ದಿದಳು.

ಸೋಮವಾರ ಸಂಜೆ ಆರಕ್ಕೆ ಮುಕ್ತಾ ಸೊಲ್ಲಾಪುರದ ಆಸ್ಪತ್ರೆಯ ಹಾಸಿಗೆಯಲ್ಲಿದ್ದಳು. ಕೈಯಲ್ಲಿ ಫೋನು, ಫೋನಿನಲ್ಲಿ ಅದೇ ಆ್ಯಪು, ಅದೇ ಒಂದು ಪ್ರೊಫೈಲು. ಮನೆಯ ಟಿವಿಯಲ್ಲಿ ಕಂತು ಓಡಿದರೆ ಸ್ವಲ್ಪ ಹೊತ್ತಿಗೆ ಇಲ್ಲಿಯ ಚಿತ್ರದ ಕೆಳಗೆ ಕೆಂಪು ಗೆರೆ ಮೂಡುತ್ತದೆ. ಅವಳು ಏನನ್ನೂ ಒತ್ತದೆ, ಪುಟವನ್ನಷ್ಟೇ ಕೆಳಗೆಳೆದು ಬಿಡುತ್ತಿದ್ದಳು. ಆರೂಕಾಲು. ಗೆರೆ ಇಲ್ಲ. ಆರೂವರೆ. ಇಲ್ಲ.

“ನೀರರ ಕುಡಿ” ಎಂದಳು ಸುರೇಖಾ.

“ಕುಡೀಬಾರದು ಅಂದಾರ.”

“ಅದು ನಡುರಾತ್ರಿಯಿಂದ. ತಗೋ, ಕುಡಿ.”

ಆರು ಮೂವತ್ತೈದಕ್ಕೆ ಮುಕ್ತಾ ಗೈಬುಸಾಬನಿಗೆ ಫೋನು ಹಚ್ಚಿದಳು. “ಊರಾಗ ಕರೆಂಟ್ ಅದ ಏನ್ರಿ?”

“ಈಗರೆ ಬಂತ್ರಿ ಟೀಚರ. ಆರಕ್ಕ ಹೋಗಿತ್ತು.” ಆಮೇಲೆ ಅವನೇ ತಡೆದು, “ತಡೀರಿ, ನಾ ಹೋಗಿ ನೋಡ್ತೇನಿ. ಫೋನ್ ಇಡಬ್ಯಾಡ್ರಿ” ಎಂದ.

ಅವನ ಸೈಕಲ್ಲಿನ ಸಪ್ಪಳ, ಏದುಸಿರು, ಯಾರೋ ನಮಸ್ಕಾರ ಅಂದದ್ದು, ಎಲ್ಲ ಕೇಳಿಸುತ್ತಿತ್ತು. ಕರೆಂಟು ಹೋದಾಗ ಒತ್ತಿದ್ದರೆ ಟಿವಿ ಕಪ್ಪಗೇ ಇರುತ್ತದೆ. ಮೂರೂ ಹೆಸರು ಮುಗಿದಿರುತ್ತವೆ. ಕಿಟಕಿಯ ಬೆಳಕು ಕೆಂಪಾಗಿರುತ್ತದೆ. ಮುಕ್ತಾ ಅದನ್ನು ಕಣ್ಣು ಮುಚ್ಚಿದರೂ ಕಾಣುತ್ತಿದ್ದಳು. ಕರೆಂಟು ಹೋದರೆ ಏನು ಮಾಡಬೇಕೆಂದು ಅವಳು ಕಲಿಸಿರಲಿಲ್ಲ.

“ಟೀಚರ, ಬಾಗಲಾ ಮುಂದ ಅದೇನಿ. ಮುಚ್ಚೈತಿ.” ಸುತ್ತ ನೋಡಿ, “ಚಪ್ಪಲಿ ಇಲ್ರಿ.”

ಮುಕ್ತಾಳ ಬಾಯಿಂದ ಒಂದು ಸಪ್ಪಳ ಬಂತು, ಮಾತಲ್ಲ. ಸುರೇಖಾ ಫೋನು ಕಸಿದುಕೊಂಡಳು. ಆಗಲೇ ಮುಕ್ತಾಳಿಗೆ ನೆನಪಾಯಿತು. ಮಾವಶಿ ಹೊರಗೆ ಹೋಗದಿರಲೆಂದು ಮುಂಜಾನೆ ಚಪ್ಪಲಿಯನ್ನು ಅಟ್ಟದ ಮೇಲೆ ಎಸೆದವಳು ತಾನೇ.

“ನಾನ... ನಾನ ಇಟ್ಟೀನಿ. ಕಿಟಕಿ ನೋಡ್ಲಿಕ್ಕೆ ಹೇಳು.”

ಫೋನಿನಲ್ಲಿ ಹೆಜ್ಜೆ, ಒಣ ಎಲೆ. ಆಮೇಲೆ ಗೈಬುಸಾಬ ಫೋನನ್ನು ಕಿಟಕಿಯ ಸರಳಿಗೆ ಹಿಡಿದ. ಮೊದಲು ಮಾವಶಿಯ ದನಿ ಕೇಳಿಸಿತು, “ನಾರಾಯಣ” ಎಂದು, ಆಮೇಲೆ ಉದ್ದನೆಯ ಮೌನ, ಇಪ್ಪತ್ತು ಮಣಿಯಷ್ಟು, ಆಮೇಲೆ “ಮಾಧವ.” ಮತ್ತೆ ಮೌನ. ಆಮೇಲೆ ತಾಳ.

“ಆಯಿ ಎಷ್ಟನೇ ಸಲ ಶುರು ಮಾಡ್ಯಾರೋ ಏನೋ” ಎಂದ ಗೈಬುಸಾಬ ಮೆಲ್ಲಗೆ. “ತಪ್ಪಿದ್ರ ಮತ್ತ ಕೇಶವನಿಂದ ಹಿಡದಿರಬೇಕು. ನಾ ಇಲ್ಲೇ ಕಟ್ಟಿ ಮ್ಯಾಲೆ ಕುಂದರ್ತೇನಿ, ಶೇವಂತೆವ್ವ ಬರೂತನ.”

ಆರು ಐವತ್ತೆರಡಕ್ಕೆ ಫೋನಿನಲ್ಲಿ ಕೆಂಪು ಗೆರೆ ಮೂಡಿತು. ಉಗುರಿನ ಅಂಚಿನಷ್ಟು. ಮುಕ್ತಾ ಅದನ್ನು ಸುರೇಖಾಳಿಗೆ ತೋರಿಸಿದಳು. ಅವಳು ಆ ಸಂಜೆ ಮತ್ತೆ ಹೆದರಿದ್ದನ್ನು ಯಾರೂ ನೋಡಲಿಲ್ಲ. ಮಲಗುವ ಮುನ್ನ ಸುರೇಖಾಳ ಕೈಗೆ ಒಂದು ಮಡಿಚಿದ ಕಾಗದ ಕೊಟ್ಟು, “ಬೇಕಾದಾಗ ತೆಗಿ” ಎಂದಳು.

ಮಂಗಳವಾರ ಆಪರೇಶನ್ ಆಯಿತು. ಗುರುವಾರ ಮುಂಜಾನೆ ಮುಕ್ತಾ ತೀರಿಕೊಂಡಳು. ಐವತ್ತನಾಲ್ಕು ವರ್ಷ.

ಮಾವಶಿಗೆ ಹೇಳಿದರು. ಹಗಲಿನಲ್ಲಿ ಆಕೆಗೆ ತಿಳಿಯುತ್ತದೆ, ಅಳುತ್ತಾಳೆ. ಸಂಜೆ ತಿಳಿಯುವುದಿಲ್ಲ. ಶೇವಂತೆವ್ವ ಈಗ ಆ ಮನೆಯಲ್ಲೇ ಇದ್ದಾಳೆ, ಆದರೂ ಅವಳು ಬರುವುದು ಏಳೂಕಾಲಕ್ಕೇ. ನಡುವಿನ ತಾಸು ಹಾಗೇ ಉಳಿದಿದೆ. ಸುರೇಖಾ ದಿನಾ ಸಂಜೆ ಆರಕ್ಕೆ ಎಲ್ಲಿದ್ದರೂ ಮುಕ್ತಾಳ ಫೋನು ತೆಗೆದು ಕಾಯುತ್ತಾಳೆ. ಗೋಳಸಂಗಿಯ ತವರಿಗೆ ಹೋದಾಗಲೂ, ಮದುವೆಯ ಊಟದ ಪಂಕ್ತಿಯಲ್ಲೂ. ಗೆರೆ ಮೂಡುವವರೆಗೆ ಅವಳ ಬಾಯೊಳಗೆ ತುತ್ತು ಇಳಿಯುವುದಿಲ್ಲ. ಮುಕ್ತಾಳ ಹೆದರಿಕೆ ಅವಳಿಗೆ ಬಂದಿದೆ.

ಕಾಗದವನ್ನು ಅವಳು ಎರಡು ತಿಂಗಳು ತೆಗೆಯಲಿಲ್ಲ. ಮಾಲಿಕೆಯ ಕೊನೆಯ ಕಂತು ಹತ್ತಿರ ಬಂದಾಗ ತೆಗೆದಳು. ಬೋರ್ಡಿನ ಮೇಲಿನಂಥದೇ ಅಚ್ಚಿನ ಅಕ್ಷರ. ಮೇಲೆ ಆ್ಯಪಿನ ಪಾಸ್‌ವರ್ಡು. ಅದರ ಕೆಳಗೆ:

‘ಕೊನೆಯ ಕಂತು ಮುಗಿದರೆ ಮೇಲಿನ ಸಾಲಿನಿಂದ ಕೀರ್ತನೆ ಮಾಯವಾಗುತ್ತದೆ. ಅಂದು ರಾತ್ರಿಯೇ ನಿನ್ನ ಫೋನಿನಲ್ಲಿ ಇದೇ ಪ್ರೊಫೈಲಿನಿಂದ ಒಂದನೆಯ ಕಂತು ಎರಡು ನಿಮಿಷ ನೋಡಿ ನಿಲ್ಲಿಸು. ಮರುದಿನ ಮಾವಶಿಗೆ ಅದೇ ಮೊದಲಿಗೆ ಬರುತ್ತದೆ. ಇನ್ನು ಅರವತ್ಮೂರು ಕಂತು ಇವೆ. ಬೇರೆ ಏನನ್ನೂ ನೋಡಬೇಡ.’

ಹತ್ತು ದಿವಸ ಎಂದು ಹೇಳಿ ಹೋದವಳು ಅರವತ್ಮೂರನ್ನು ಎಣಿಸಿಟ್ಟಿದ್ದಳು.

ಕೊನೆಯ ಕಂತು ಮುಗಿದ ರಾತ್ರಿ ಸುರೇಖಾ ಕಾಗದದಲ್ಲಿದ್ದ ಹಾಗೆಯೇ ಮಾಡಿದಳು. ಎರಡು ನಿಮಿಷ ನೋಡಿದಳು, ನಿಲ್ಲಿಸಿದಳು. ಮರುದಿನ ಆರಕ್ಕೆ ಫೋನು ಹಿಡಿದು ಕೂತಳು. ಆರೂಕಾಲು ದಾಟಿತು. ಆರೂ ಇಪ್ಪತ್ತು. ಒಂದನೆಯ ಕಂತಿನ ಕೆಳಗೆ, ಅವಳು ನಿಲ್ಲಿಸಿದ್ದ ಜಾಗದಿಂದ, ಕೆಂಪು ಗೆರೆ ಒಂದಿಷ್ಟು ಮುಂದೆ ಸರಿಯಿತು.